‘ಸಮಕಾಲೀನ ದಾಖಲೆ’ ಅಂದರೆ ಯಾವ ಕಾಲದ್ದು?

ಗೆಳೆಯರೇ, ಬೆಂಗಳೂರಿನ ಒಬ್ಬ ಕಟ್ಟಡ ಗುತ್ತಿಗೆದಾರರ ಆಫೀಸಿನಲ್ಲಿ ಪತ್ರವ್ಯವಹಾರ ನೋಡಿಕೊಳ್ಳುತ್ತೇನೆ. ಕೆಲಸ ಮುಗಿಸಲು ಹೆಚ್ಚು ದಿನ ಕೇಳುವ ಅರ್ಜಿಯನ್ನು ಜಾಗದ ಮಾಲೀಕರಿಗೆ ಕನ್ನಡದಲ್ಲಿ ತಿಳಿಸಬೇಕು. ಲಿಫ್ಟ್‌ಗಾಗಿ ನೆಲದಲ್ಲಿ ಅಗೆಯುವ ಗುಂಡಿಯ ಡ್ರಾಯಿಂಗ್ ಅವರ ಕಡೆಯಿಂದ 20 ದಿನ ತಡವಾಗಿ ಬಂತು. ಆ ಕೆಲಸ 12 ದಿನ ಜಾರಿದರೂ ನಡೆಯುವಷ್ಟು ಫ್ಲೋಟ್ ಇದ್ದದ್ದರಿಂದ ನಾವು ಕೇಳುವುದು 8 ದಿನ. ಆ 20 ದಿನಕ್ಕೂ ಈ 8 ದಿನಕ್ಕೂ ‘ವಿಳಂಬ’ ಅಂದರೆ ಗೊಂದಲ. ಫ್ಲೋಟ್‌ಗೆ ಏನನ್ನೋಣ? ಇನ್ನೊಂದು, ಕಂಟೆಂಪರೇನಿಯಸ್ ರೆಕಾರ್ಡ್ಸ್. ‘ಸಮಕಾಲೀನ’ ಅಂದರೆ ಕವಿಗಳ ಪಟ್ಟಿ ಓದಿದ ಹಾಗಿರುತ್ತದೆ!

*ನಿವೃತ್ತ ಕನ್ನಡ ಮೇಷ್ಟ್ರೊಬ್ಬರು:*
‘ಆಗಿಂದಾಗ್ಗೆ ಬರೆದ ದಾಖಲೆ’ ಅನ್ನಿ. ಫ್ಲೋಟ್‌ಗೆ ‘ಬಿಡುವು’ ಸಾಕು.

*ಫ್ಲಾಟ್ ಕೊಂಡವರೊಬ್ಬರು:*
ನಮ್ಮ ಬಿಲ್ಡರ್ ಕೂಡ ಹೀಗೇ ದಿನ ಕೇಳುತ್ತಲೇ ಇದ್ದಾರೆ. ಎರಡು ವರ್ಷದಿಂದ ಬಾಡಿಗೆ ಕಟ್ಟುತ್ತಿದ್ದೇನೆ. ಅದಕ್ಕೂ ಒಂದು ಪದ ಹೇಳಿ!

*ಪ್ಲ್ಯಾನಿಂಗ್ ಇಂಜಿನಿಯರ್ ಒಬ್ಬರು:*
ಸರ್, ಅದು ಬಿಲ್ಡರಿಗೂ ನಿಮಗೂ ಇರುವ ಲೆಕ್ಕ. ಇದು ಮಾಲೀಕರಿಗೂ ಗುತ್ತಿಗೆದಾರರಿಗೂ ಇರುವುದು.

ಮೇಷ್ಟ್ರೇ, ‘ಆಗಿಂದಾಗ್ಗೆ’ ಅಂದರೆ ಆಗಾಗ ಅಂತಾಗುತ್ತದೆ. ಇಲ್ಲಿ ಬೇಕಿರುವುದು ‘ಅಂದಂದೇ ಬರೆದ ದಾಖಲೆ’. ಕ್ಲೇಮ್ ಹಾಕುವಾಗ ಕೂತು ಬರೆದ ಡೈರಿಯಲ್ಲಿ ತಪ್ಪೆಲ್ಲ ಡ್ರಾಯಿಂಗಿನದೇ ಆಗಿರುತ್ತದೆ. ಅಂದಂದೇ ಬರೆದ ಸಾಲು ಬೇರೆ ಥರ: ‘ಕಂಬಿ ಕಟ್ಟುವವರು 14 ಜನ, ಲಿಫ್ಟ್ ಗುಂಡಿ ಡ್ರಾಯಿಂಗ್ ಇಲ್ಲ, ಎಲ್ಲರನ್ನೂ ರಿಟೇನಿಂಗ್ ವಾಲಿಗೆ ಕಳಿಸಿದೆವು.’ ಕೆಲಸಕ್ಕೆ ಬಂದ ಅಡ್ಡಿಗಳನ್ನು ಬರೆದಿಡುವ ಹಿಂಡ್ರೆನ್ಸ್ ರಿಜಿಸ್ಟರಿನಲ್ಲಿ ಇದಕ್ಕೆ ಎರಡೂ ಕಡೆಯವರ ಸಹಿ ಇದ್ದರೆ ಬಲ ಜಾಸ್ತಿ.

‘ಬಿಡುವು’ ಅಂದರೆ ಜನ ಸುಮ್ನೆ ಕೂತಿದ್ದರು ಅನ್ನಿಸುತ್ತದೆ. ಫ್ಲೋಟ್ ಅಂದರೆ ಕೊನೆಯ ತಾರೀಖು ಅಲುಗಾಡದಂತೆ ಒಂದು ಕೆಲಸ ಎಷ್ಟು ದಿನ ಜಾರಬಹುದು ಅನ್ನುವುದು. ನಾನು ‘ಸಡಿಲು’ ಅನ್ನುತ್ತೇನೆ. ಸಡಿಲೇ ಇಲ್ಲದ ಕೆಲಸಗಳ ಸರಪಳಿಯೇ ಕ್ರಿಟಿಕಲ್ ಪಾತ್.

ಅದಿರಲಿ, ಆ 12 ಕೆಲಸದ ಯಾವ ವೇಳಾಪಟ್ಟಿಯಿಂದ ಬಂತು? ಮೊದಲಿನದಾದರೆ ಬೇಡ. ಡ್ರಾಯಿಂಗ್ ಬರಬೇಕಿದ್ದ ದಿನಕ್ಕೆ ಸ್ವಲ್ಪ ಮುಂಚಿನ ಅಪ್‌ಡೇಟ್ ನೋಡಿ.

*ಪ್ರಶ್ನೆ ಕೇಳಿದವರು:*
ನೋಡಿದೆ ಮೇಡಂ. ಗುಂಡಿ ಅಗೆಯುವಾಗ ಬಂಡೆ ಸಿಕ್ಕಿ 7 ದಿನ ಹೋಗಿತ್ತು. ಉಳಿದ ಸಡಿಲು 5 ದಿನ ಮಾತ್ರ. ಅಂದರೆ 15 ದಿನ ಕೇಳಬಹುದು ಅಲ್ವಾ? ಆದರೆ ಅದೇ ರಿಜಿಸ್ಟರಿನಲ್ಲಿ, ಆ 20 ದಿನಗಳ ಕೊನೆಯ 6 ದಿನ ನಮ್ಮ ಸ್ಟೀಲೂ ಬಂದಿರಲಿಲ್ಲ ಅಂತಿದೆ.

*ಪ್ಲ್ಯಾನಿಂಗ್ ಇಂಜಿನಿಯರ್:*
ಅದನ್ನು ಮುಚ್ಚಿಡಬೇಡಿ. ಸಹಿ ಹಾಕಿದವರ ಬಳಿಯೂ ಪ್ರತಿ ಇರುತ್ತದೆ. ಆ 6 ದಿನ ಯಾರ ಲೆಕ್ಕಕ್ಕೆ, ಬಂಡೆ ತಿಂದ 7 ದಿನ ಯಾರದು ಅನ್ನುವುದನ್ನು ನಿಮ್ಮ ಕರಾರು ನೋಡದೆ ಹೇಳಲಾರೆ. ಕೆಲವು ಕರಾರುಗಳಲ್ಲಿ ದಿನ ಸಿಗುತ್ತದೆ, ಖರ್ಚು ಸಿಗುವುದಿಲ್ಲ.

*ಮೇಷ್ಟ್ರು:*
‘ಅಂದಂದೇ’ ಒಪ್ಪಿದೆ. ‘ಸಡಿಲು’ ಮಾತ್ರ ಇನ್ನೂ ಹಗ್ಗದ ನೆನಪೇ ತರುತ್ತದಮ್ಮ.