ಪದಚರ್ಚೆ: "ಬೆಸ ಸಂಖ್ಯೆಯ ಅಪವರ್ತನಗಳು" ಅಂದ್ರ ಏನರ್ಥ ತೊಗೋಬೇಕು?

ಯಾದಗಿರಿಯಿಂದ, ಹೈಸ್ಕೂಲ್ ಗಣಿತ ಟೀಚರ್:

ಎಲ್ಲರಿಗೂ ನಮಸ್ಕಾರ್ರಿ. ಬೋರ್ಡ್ ಮ್ಯಾಲ "ಪ್ರತಿ ಪೂರ್ಣ ವರ್ಗಕ್ಕೆ ಬೆಸ ಸಂಖ್ಯೆಯ ಅಪವರ್ತನಗಳಿರುತ್ತವೆ" ಅಂತ ಬರ್ದಿದ್ದೆ. ಹುಡುಗಿ ಒಬ್ಬಾಕಿ ಎದ್ದು "36ಕ್ಕ 2ರಿಂದ ಭಾಗ ಹೋಗ್ತದಲ್ರೀ, 2 ಬೆಸ ಹ್ಯಾಂಗಾಗ್ತದ?" ಅಂತ ಕೇಳಿದ್ಳು. ನಾ ಹೇಳ್ಬೇಕಂದದ್ದು ಅಪವರ್ತನ ಎಷ್ಟವ ಅಂತ ಎಣಿಸಿದ್ರ ಆ ಲೆಕ್ಕ ಬೆಸ ಬರ್ತದ ಅಂತ, ಆಕಿ ತೊಗೊಂಡದ್ದು ಅಪವರ್ತನಗಳೇ ಬೆಸ ಅಂತ, ಇನ್ನೊಬ್ಬ ಅಂತೂ "ಯಾವುದೋ ಒಂದು ಬೆಸ ಸಂಖ್ಯೆ ಅದ, ಅದರ ಅಪವರ್ತನಗಳು" ಅಂತ ತಿಳ್ಕೊಂಡಾನ. ಮೂರೂ ಅರ್ಥ ಆ ಸಾಲಿನಾಗ ಕೂಡ್ತಾವ, ವ್ಯಾಕರಣದ ಪ್ರಕಾರ ಒಂದೂ ತಪ್ಪಲ್ಲ. ಗೊಂದಲ ಆಗಲಾರದಂಗ ಹ್ಯಾಂಗ ಬರೀಬೇಕು? ಹಂಗೇ ಇದು ಯಾಕ ಖರೇ ಅಂತ ಘಾತ ಗೀತ ತರಲಾರದ ತಿಳಿಸೋ ಹಾದಿ ಇದ್ರ ಅದನ್ನೂ ಹೇಳ್ರಿ.

ಬೀದರ್‌ನಿಂದ, ಬ್ಯಾಂಕಿನಾಗ ಇರೋರು:

ಟೀಚರ್, ಏನೂ ಫರಕ್ ಬೀಳಂಗಿಲ್ರಿ, ಸುಮ್ನ ತಲಿ ಕೆಡಿಸ್ಕೋಬ್ಯಾಡ್ರಿ. 36ರ ಅಪವರ್ತನಗಳೊಳಗ ಬೆಸ ಅನ್ನೋವು 1, 3, 9, ಅಂದ್ರ ಮೂರು. ಒಟ್ಟು ಎಣಿಸಿದ್ರ ಒಂಬತ್ತು. 100 ತೊಗೋರಿ, 1, 5, 25 ಮೂರು, ಒಟ್ಟು ಒಂಬತ್ತು. 16ಕ್ಕ ಬೆಸ ಇರೋದು 1 ಒಂದೇ, ಒಟ್ಟು ಐದು. ಹ್ಯಾಂಗ ಎಣಿಸಿದ್ರೂ ಬೆಸನೇ ಬರ್ಲತ್ತದ. ಯಾವ ಅರ್ಥದಾಗ ಓದಿದ್ರೂ ಸಾಲು ಖರೇನೇ ಅದ, ಲೆಕ್ಕ ಬೆಸ ಬಂತಂದ್ರ ಅದು ವರ್ಗ ಅಂತ ತಿಳ್ಕೊಂಡ್ರ ಆಯ್ತು.

ಕಲಬುರಗಿಯಿಂದ, ರಿಟೈರ್ಡ್ ಲೆಕ್ಚರರ್:

ಬೀದರ್‌ನವ್ರು ಹೇಳಿದ್ರಾಗ ಮೊದಲನೇ ಅರ್ಧ ಸರಿ ಅದ, ಕೊನೀ ಸಾಲು ಮಾತ್ರ ನಿಲ್ಲಂಗಿಲ್ಲ. 18 ನೋಡ್ರಿ. ಅದರ ಬೆಸ ಅಪವರ್ತನ 1, 3, 9, ಮೂರೇ ಅವ, ಆದ್ರ 18 ಎಲ್ಲಿಯ ವರ್ಗ? 50ಕ್ಕೂ ಹಂಗೇ, 1, 5, 25. ಅಂದ್ರ ಆ ಹುಡುಗಿ ತೊಗೊಂಡ ಅರ್ಥದಾಗ ಓದಿದ್ರ ವರ್ಗ ಯಾವ್ದು, ಅಲ್ಲದ್ದು ಯಾವ್ದು ಅಂತ ಆರಿಸ್ಲಿಕ್ಕಿ ಬರಂಗಿಲ್ಲ, ಟೀಚರ್ ಅರ್ಥದಾಗ ಓದಿದ್ರ ಬರ್ತದ. ಫರಕ್ ಅದ ಮತ್ತ.

ಈಗ ಯಾಕ ಅನ್ನೋದಕ್ಕ ಬರ್ತೀನಿ. 4ರಿಂದ 36 ಭಾಗ ಹೋದ್ರ ಉತ್ತರ 9 ಬರ್ತದ. ಆ ಉತ್ತರನ ನಾವು ಸುಮ್ನ ಕೆಳಗ ಬರ್ದು ಬಿಡ್ತೀವಿ, ಆದ್ರ ಅದೂ 36ರ ಅಪವರ್ತನನೇ, 9ರಿಂದ ಭಾಗಿಸಿದ್ರ 4 ವಾಪಸ್ ಬರ್ತದ. ಹಂಗಾಗಿ ಯಾವ ಅಪವರ್ತನನೂ ಒಂಟಿಯಾಗಿ ಬರಂಗಿಲ್ಲ, ತನ್ನ ಜೊತೆಗಾರನ್ನ ಕರ್ಕೊಂಡೇ ಬರ್ತದ, ಮತ್ತ ಒಂದಕ್ಕ ಇಬ್ಬರು ಜೊತೆಗಾರರು ಇರಂಗಿಲ್ಲ ಯಾಕಂದ್ರ ಭಾಗಾಕಾರದ ಉತ್ತರ ಒಂದೇ ಇರ್ತದ. ಮೊದಲು 48ಕ್ಕ ಮಾಡಿ ನೋಡ್ರಿ: 1ಕ್ಕ 48, 2ಕ್ಕ 24, 3ಕ್ಕ 16, 4ಕ್ಕ 12, 6ಕ್ಕ 8. ಐದು ಜೋಡಿ, ಹತ್ತು ಅಪವರ್ತನ. 7 ಹೋಗಂಗಿಲ್ಲ, 8ಕ್ಕ ಬಂದ್ರ ಅದು ಈಗಾಗಲೇ 6ರ ಜೊತಿ ಕೂತದ, ಅಲ್ಲಿಗಿ ನಿಲ್ಲಿಸ್ಬಹುದು. 48ಕ್ಕ ಮಕ್ಕಳು ಒಂಬತ್ತೇ ಬರ್ದು ತಂದ್ರ ಪೂರಾ ಲಿಸ್ಟ್ ನೋಡೋದೇ ಬ್ಯಾಡ, ಯಾವುದೋ ಒಂದು ಬಿಟ್ಟಾರ, ಬಹಳ ಸರ್ತಿ ಅದು 16 ಇರ್ತದ, ಯಾಕಂದ್ರ 16ರ ಮಗ್ಗಿ ಯಾರ ಬಾಯಾಗೂ ಇರಂಗಿಲ್ಲ.

36ಕ್ಕ ಇದನ್ನೇ ಮಾಡಿದ್ರ 1ಕ್ಕ 36, 2ಕ್ಕ 18, 3ಕ್ಕ 12, 4ಕ್ಕ 9, ಇಲ್ಲಿತನಕ ನಾಲ್ಕು ಜೋಡಿ ಎಂಟು ಆದ್ವು. 5 ಹೋಗಂಗಿಲ್ಲ. ಆಮ್ಯಾಲ 6. ಅದರ ಜೊತೆಗಾರ ಯಾರು ಅಂತ ಹುಡುಕಿದ್ರ 36 ÷ 6 = 6, ಅಂದ್ರ ತಾನೇ. ಎಂಟಕ್ಕ ಒಂದು ಕೂಡಿ ಒಂಬತ್ತು. ಒಂದು ಅಪವರ್ತನ ತನಗ ತಾನೇ ಜೊತೆ ಆಗ್ಬೇಕಾದ್ರ ಅದನ್ನ ಅದರಿಂದಲೇ ಗುಣಿಸಿದ್ರ ಆ ಸಂಖ್ಯೆ ಬರ್ಬೇಕು, ಅಂದ್ರ ಅದು ವರ್ಗಮೂಲನೇ ಇರ್ಬೇಕು. ವರ್ಗಕ್ಕ ಅಂಥದ್ದು ಬರೋಬ್ಬರಿ ಒಂದು ಇರ್ತದ, ವರ್ಗ ಅಲ್ಲದ್ದಕ್ಕ ಒಂದೂ ಇರಂಗಿಲ್ಲ. ಅದಕ್ಕೇ ವರ್ಗಕ್ಕ ಬೆಸ, ಉಳಿದವಕ್ಕೆಲ್ಲ ಸಮ.

ಶಹಾಬಾದ್ ಕಡೆಯಿಂದ, ಫರ್ಸಿ ಹಾಸೋ ಕೆಲಸದವ್ರು:

ಸರ್, ನಾ ಹೆಚ್ಚಿಗಿ ಓದಿದಂವ ಅಲ್ಲ, ಆದ್ರ ನಿಮ್ಮ ಒಂಬತ್ತು ನನ್ನ ಲೆಕ್ಕಕ್ಕ ಕೂಡವಲ್ದು. ಒಂದೇ ಅಳತಿ ಚೌಕ ಫರ್ಸಿ 36 ಕೊಟ್ಟು ಒಂದೂ ಉಳಿಲಾರದಂಗ ಉದ್ದಗಲ ಹಾಸು ಅಂದ್ರ ನಾ ಐದೇ ನಮೂನಿ ಹಾಸ್ತೀನಿ. ಒಂದು ಸಾಲಿಗಿ 36, ಎರಡು ಸಾಲಿಗಿ 18, ಮೂರಕ್ಕ 12, ನಾಲ್ಕಕ್ಕ 9, ಆರಕ್ಕ ಆರು. 48 ಕೊಟ್ರೂ ಐದೇ. ಎಲ್ಲೀದು ಬೆಸ, ಎಲ್ಲೀದು ಸಮ?

ಕಲಬುರಗಿ ಲೆಕ್ಚರರ್:

ನೀವು ಎಣಿಸಿದ್ದು ಜೋಡಿನ, ನಾವು ಎಣಿಸ್ಲತ್ತದ್ದು ಸಾಲು ಎಷ್ಟು ಇಡ್ಬಹುದು ಅನ್ನೋದನ್ನ. ಮನಿ ಬಾಗಲ ಕಡಿಂದ ನಿಂತು ನೋಡ್ರಿ. ನಾಲ್ಕು ಸಾಲಿಗಿ 9 ಹಾಸಿದ್ದನ್ನ ತಿರುಗಿಸಿ ಹಾಸಿದ್ರ ಒಂಬತ್ತು ಸಾಲು ಆಗ್ತದ, ಬಾಗಲದಿಂದ ನೋಡೋರಿಗಿ ಅದು ಬ್ಯಾರೆ. ಹಿಂಗ ನಿಮ್ಮ ಐದರಾಗ ನಾಲ್ಕು ನಮೂನಿ ತಿರುಗಿಸಿದ್ರ ಹೊಸಾದು ಬರ್ತದ, ಆರಕ್ಕ ಆರು ತಿರುಗಿಸಿದ್ರ ಅದೇ ಉಳೀತದ. ನಾಲ್ಕೆರಡ್ಲೆ ಎಂಟು, ಮ್ಯಾಲೊಂದು. 48ರಾಗ ಚೌಕ ಇಲ್ಲ, ಐದೂ ತಿರುಗ್ತಾವ, ಅದಕ್ಕ ಹತ್ತು.

ಬೀದರ್‌ನವ್ರು:

ಸರ್ ಒಪ್ಪಿದೆ. ಆದ್ರ 18ರಾಗ ಬೆಸ ಅಪವರ್ತನ ಮೂರು ಹ್ಯಾಂಗ ಬಂದ್ವು? ನಿಮ್ಮ ಜೋಡಿ ಲೆಕ್ಕದ ಪ್ರಕಾರ ವರ್ಗ ಅಲ್ಲಂದ್ರ ಸಮ ಬರ್ಬೇಕಲ್ಲ.

ಕಲಬುರಗಿ ಲೆಕ್ಚರರ್:

ಪ್ರಶ್ನೆ ಬರೋಬ್ಬರಿ ಕೇಳಿದ್ರಿ. 18ರಾಗ 1ರ ಜೊತೆಗಾರ 18, 3ರದು 6, 9ರದು 2. ಮೂರೂ ಬೆಸ ಅಪವರ್ತನಗಳ ಜೊತೆಗಾರರು ಸಮ, ಅಂದ್ರ ನೀವು ಬೆಸ ಇದ್ದವನ್ನಷ್ಟೇ ಆರಿಸ್ಕೊಂಡಾಗ ಪ್ರತಿ ಜೋಡಿನೂ ನಡುವ ಹರ್ದು ಬಿಟ್ಟೀರಿ. ಜೋಡಿ ಮುರಿದ ಮ್ಯಾಲ ಆ ವಾದ ಅಲ್ಲಿ ನಡಿಯಂಗಿಲ್ಲ. 18ರಾಗಿನ 2 ತೆಗ್ದು ಹಾಕಿದ್ರ 9 ಉಳೀತದ, 18ರ ಬೆಸ ಅಪವರ್ತನ ಅಂದ್ರ ಆ 9ರ ಅಪವರ್ತನಗಳೇ, 1ಕ್ಕ 9, 3ಕ್ಕ ತಾನೇ. ನಿಮಗ ಮೂರು ಸಿಕ್ಕದ್ದು 9 ವರ್ಗ ಇರೋದಕ್ಕ. 50ರಾಗ 2 ತೆಗದ್ರ 25, ಅದೇ ಕತಿ.

ಬೀದರ್‌ನ ಇಂಜಿನಿಯರಿಂಗ್ ಸ್ಟೂಡೆಂಟ್:

ಸರ್, -6 × -6 ಕೂಡ 36 ಅಲ್ರೀ? ಮೈನಸ್ ಹಿಡಿದ್ರ ಹದಿನೆಂಟು ಆಗ್ತಾವ, ತಮಗ ತಾವೇ ಜೊತೆ ಆಗೋವು ಎರಡಾಗ್ತಾವ, ಬೆಸ ಉಳಿಯಂಗೇ ಇಲ್ಲ. ಮತ್ತ 0 ಕೂಡ ವರ್ಗನೇ, ಅದಕ್ಕ 0 ಬಿಟ್ಟು ಉಳಿದೆಲ್ಲಾ ನಂಬರ್‌ನಿಂದ ಭಾಗ ಹೋಗ್ತದ.

ಯಾದಗಿರಿ ಟೀಚರ್:

ತಮ್ಮಾ, ಎರಡೂ ಸರಿ ಅದ. ಎಂಟನೇ ಕ್ಲಾಸಿನಾಗ 1ರಿಂದ ಮುಂದಿನ ಸಂಖ್ಯೆ ಅಷ್ಟೇ ಹಿಡಿಯೋದು, ಅದನ್ನ ಸಾಲಿನಾಗೇ ಬರೀತೀನಿ. ಲೆಕ್ಚರರ್ ಸರ್, "ಅಪವರ್ತನಗಳ ಎಣಿಕೆ ಬೆಸ" ಅಂತ ಮಾಡಿದ್ರ ಹ್ಯಾಂಗ?

ಕಲಬುರಗಿ ಲೆಕ್ಚರರ್:

ಅರ್ಥಕ್ಕ ಅಡ್ಡಿ ಇಲ್ಲ. ನಾ ಇದ್ದಿದ್ರ "ಒಟ್ಟು ಅಪವರ್ತನಗಳನ್ನು ಎಣಿಸಿದರೆ ಬೆಸ ಬರುತ್ತದೆ" ಅಂತ ಬರೀತಿದ್ದೆ, ಉದ್ದ ಆಗ್ತದ ಖರೇ, ಆದ್ರ "ಒಟ್ಟು" ಬಂದ್ರ ಯಾರೂ ಬೆಸ ಇದ್ದವನ್ನಷ್ಟೇ ಆರಿಸ್ಕೋಳಂಗಿಲ್ಲ.

ಬೀದರ್‌ನವ್ರು:

"ಎಣಿಕೆ" ಅಂದ್ರ ನಮ್ಮ ಕಡಿ ವೋಟ್ ಎಣಿಕೆನೇ ನೆನಪಾಗ್ತದ್ರಿ. "ಅಪವರ್ತನಗಳ ಸಂಖ್ಯೆ ಬೆಸ" ಯಾಕಾಗ್ಬಾರ್ದು?

ಯಾದಗಿರಿ ಟೀಚರ್:

ಮತ್ತ "ಸಂಖ್ಯೆ" ತಂದ್ರೆಲ್ರೀ. ನಾಳಿ ಎರಡೂ ಬರ್ದು ಆ ಹುಡುಗೀನೇ ಓದಿಸ್ತೀನಿ, ಆಕಿ 49ಕ್ಕ ಯಾವ ಲಿಸ್ಟ್ ಮಾಡ್ತಾಳ ನೋಡ್ಬೇಕಂದಿದ್ದೆ, ಆದ್ರ 49ರಾಗ 1, 7, 49 ಎಲ್ಲಾ ಬೆಸನೇ, ಫರಕ್ ಗೊತ್ತಾಗಂಗಿಲ್ಲ. 64 ಕೊಡ್ತೀನಿ.