ಸೇವಾ ಪುಸ್ತಕದ ‘ಬಡ್ತಿ’ಗೆ ಇಂಗ್ಲಿಷಿನಲ್ಲಿ ಏನು ಬರೆಯುವುದು?

ಕೇಳಿದವರು, ಹಾಸನ: ರಾಜ್ಯ ಸರ್ಕಾರದಲ್ಲಿ ಎಸ್‌ಡಿಎ ಆಗಿದ್ದವಳಿಗೆ ಈಗ ಕೇಂದ್ರದ ಕೆಲಸ ಸಿಕ್ಕಿದೆ. ಹಿಂದಿನ ಸೇವೆ ಪರಿಗಣಿಸಲು ಸೇವಾ ಪುಸ್ತಕದ ಕನ್ನಡ ನಮೂದುಗಳ ಇಂಗ್ಲಿಷ್ ಅನುವಾದ ಕೇಳಿದ್ದಾರೆ. ಮಾಡಿಸಿದವರು ಇದ್ದರೆ ಹೇಳಿ.

ಹೊಳೆನರಸೀಪುರದವರು: ಯಾರ ಕೈಲಾದರೂ ಬರೆಸಿ ನೋಟರಿ ಮಾಡಿಸಿ, ಸಾಕು. ಬಡ್ತಿ ಅಂದರೆ ಪ್ರಮೋಷನ್, ಅದರಲ್ಲೇನಿದೆ?

ನಿವೃತ್ತ ಕಚೇರಿ ಅಧೀಕ್ಷಕರು, ಅರಸೀಕೆರೆ: ಎಲ್ಲ ಬಡ್ತಿಯೂ ಪ್ರಮೋಷನ್ ಅಲ್ಲ. ವಾರ್ಷಿಕ ವೇತನ ಬಡ್ತಿ ಇನ್‌ಕ್ರಿಮೆಂಟ್. ಹತ್ತು ವರ್ಷದ ಕಾಲಮಿತಿ ಬಡ್ತಿಯಲ್ಲಿ ಹುದ್ದೆ ಅದೇ ಇರುತ್ತದೆ, ಶ್ರೇಣಿ ಮಾತ್ರ ಮೇಲಿನದು. ಅದಕ್ಕೆ ಟೈಮ್ ಬೌಂಡ್ ಅಡ್ವಾನ್ಸ್‌ಮೆಂಟ್ ಅಂತಲೇ ಬರೆಯಬೇಕು. ನಮ್ಮ ಕಚೇರಿಯಲ್ಲಿದ್ದವರೊಬ್ಬರ ಅನುವಾದದಲ್ಲಿ ಪ್ರಮೋಷನ್ ಅಂತ ಬಿತ್ತು. ಅತ್ತ ಕಡೆಯವರು ಹೊಸ ಹುದ್ದೆಗೆ ಹಾಜರಾದ ವರದಿ ಕೇಳಿದರು. ಇಲ್ಲದ್ದನ್ನು ಎಲ್ಲಿಂದ ತರುವುದು? ಅನುವಾದವನ್ನೇ ಮತ್ತೆ ಮಾಡಿಸಬೇಕಾಯಿತು.

ವೇತನ ಶ್ರೇಣಿಯನ್ನು 21400-42000 ಅಂತ ಮೊಟಕು ಮಾಡಬೇಡಿ ಅಮ್ಮ. ಪುಸ್ತಕದಲ್ಲಿ 21400-500-22400-550-24600 ಅಂತ ಶುರುವಾಗಿ 42000ದವರೆಗೆ ಪೂರ್ತಿ ಇದ್ದರೆ ಪೂರ್ತಿಯೇ ಇಳಿಸಿ. 22400 ಆಗುವವರೆಗೆ ವರ್ಷಕ್ಕೆ 500, ಆಮೇಲೆ 550 ಎಂಬುದು ಅದರಲ್ಲೇ ಇದೆ. ಹಾಗಾಗಿ 21400 ಆದಮೇಲೆ 21900, 22400, 22950 ಬರಬೇಕು. ಅನುವಾದದಲ್ಲಿ 22590 ಕಂಡರೆ ಅಂಕಿ ತಿರುವುಮುರುವಾಗಿದೆ ಅಂತ ಅಲ್ಲೇ ತಿಳಿಯುತ್ತದೆ. ಕೈಬರಹದ ೬ ಮತ್ತು ೯ರ ಬಗ್ಗೆಯೂ ಹುಷಾರು.

ಬೇಲೂರಿನ ಶಿಕ್ಷಕಿ: ನಾನು ಎಡವಿದ್ದು 2018ರ ವೇತನ ಪರಿಷ್ಕರಣೆಯ ಪುಟದಲ್ಲಿ. 1-7-2017ರಿಂದ ಕಾಲ್ಪನಿಕವಾಗಿ ನಿಗದಿ, ಆರ್ಥಿಕ ಲಾಭ 1-4-2018ರಿಂದ ಅಂತಿತ್ತು. ‘ಕಾಲ್ಪನಿಕ’ಕ್ಕೆ ನೋಷನಲ್ ಅಂತ ಹಾಕದೆ ಬಿಟ್ಟುಬಿಟ್ಟಿದ್ದೆ. ಒಂಬತ್ತು ತಿಂಗಳ ಹಳೇ ಸಂಬಳ ಚೀಟಿಗಳಿಗೂ ಅನುವಾದಕ್ಕೂ ತಾಳೆಯಾಗಲಿಲ್ಲ. ಕಳಿಸುವ ಮೊದಲು ಆ ತಿಂಗಳ ಚೀಟಿಗಳನ್ನು ಪಕ್ಕದಲ್ಲಿಟ್ಟುಕೊಂಡು ನೋಡಿ.

ಸಕಲೇಶಪುರದವರು: ನಮ್ಮ ತಂದೆಯ ಪಿಂಚಣಿ ಕಾಗದದಲ್ಲಿ ‘ಪರಿವರ್ತನೆ’ ಅಂತಿದೆ. ಅನುವಾದಕರು ಕನ್ವರ್ಷನ್ ಅಂತ ಬರೆದಿದ್ದಾರೆ. ಪಿಂಚಣಿ ಬೇರೆ ಯೋಜನೆಗೆ ಬದಲಾಯಿತಾ?

ನಿವೃತ್ತ ಅಧೀಕ್ಷಕರು: ಇಲ್ಲ, ಅದು ಕಮ್ಯುಟೇಷನ್. ಪಿಂಚಣಿಯ ಒಂದು ಪಾಲು ಬಿಟ್ಟುಕೊಟ್ಟು ಇಡಿಗಂಟು ತೆಗೆದುಕೊಂಡಿದ್ದಾರೆ. ಹದಿನೈದು ವರ್ಷ ಆದಮೇಲೆ ಆ ಪಾಲು ಮತ್ತೆ ಸೇರುತ್ತದೆ, ಅದಕ್ಕೇ ಪಡೆದ ದಿನಾಂಕ ಸರಿಯಾಗಿರಬೇಕು. ಸೇವಾ ಪುಸ್ತಕದ ‘ಪರಿವರ್ತಿತ ರಜೆ’ಯೂ ಕಮ್ಯುಟೆಡ್ ಲೀವ್. ಅದರ ಒಂದು ದಿನಕ್ಕೆ ಅರ್ಧವೇತನ ರಜೆಯಲ್ಲಿ ಎರಡು ದಿನ ಕಳೆದಿರುತ್ತಾರೆ.

ಕೇಳಿದವರು: ಸರ್, ನೋಟರಿ ಸಾಕಾ, ಹಳೇ ಕಚೇರಿಯ ಮೊಹರೂ ಬೇಕಾ?

ನಿವೃತ್ತ ಅಧೀಕ್ಷಕರು: ಅನುವಾದ ಸರಿಯಿದೆ ಎಂದು ನೋಟರಿ ಸಾಮಾನ್ಯವಾಗಿ ಹೇಳುವುದಿಲ್ಲ, ಅನುವಾದಕರ ಪ್ರಮಾಣಪತ್ರಕ್ಕೆ ಮಾತ್ರ ಅವರ ಸಹಿ. ನಮ್ಮವರಿಗೆ ಕಚೇರಿ ಮುಖ್ಯಸ್ಥರ ದೃಢೀಕರಣವನ್ನೂ ಕೇಳಿದ್ದರು.

ಬೇಲೂರಿನ ಶಿಕ್ಷಕಿ: ನನಗೆ ನೋಟರಿಯಲ್ಲೇ ಮುಗಿಯಿತು. ಹೊಸ ಕಚೇರಿಯವರಿಂದ ಬರಹದಲ್ಲೇ ಕೇಳಿಸಿಕೊಳ್ಳಿ.