ಪದಚರ್ಚೆ: ‘ಪ್ರಧಾನ ಮಾಲೀಕ’ ಅಂದರೆ ‘ನಿಜವಾದ ಮಾಲೀಕ’ ಅಂತಲೇ ಅರ್ಥಾನಾ?

ಪೀಣ್ಯದಿಂದ

ಬಳಗದ ಎಲ್ಲರಿಗೂ ನಮಸ್ಕಾರ. ಒಂದು ಪದದ ವಿಷಯದಲ್ಲಿ ನಿಮ್ಮ ಸಹಾಯ ಬೇಕು, ಸ್ವಲ್ಪ ಅವಸರವೂ ಇದೆ.

ನಮ್ಮ ಕಡೆ ಕಾರಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆ ಇದೆ. ಅಲ್ಲಿ ಏಜೆನ್ಸಿ ಮೂಲಕ ಸೇರಿದ 38 ಜನ ಮಷೀನ್ ಮೇಲೆ ಕೆಲಸ ಮಾಡುತ್ತಾರೆ. ಒಂಬತ್ತು ವರ್ಷದಲ್ಲಿ ಮೂರು ಏಜೆನ್ಸಿ ಬದಲಾಗಿವೆ. ಜನ ಮಾತ್ರ ಅವರೇ, ಮಷೀನೂ ಅವೇ. ‘ನಾವು ಏಜೆನ್ಸಿಯವರಲ್ಲ, ಮೊದಲಿನಿಂದಲೂ ಕಾರ್ಖಾನೆಯ ಕಾರ್ಮಿಕರೇ, ಹಾಗಂತ ತೀರ್ಮಾನ ಮಾಡಿ’ ಅಂತ ಅವರು ಅರ್ಜಿ ಹಾಕುತ್ತಿದ್ದಾರೆ. ಅದರ ಕನ್ನಡವನ್ನು ತಿದ್ದಿಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ.

ಸಂಘದವರು ಕೊಟ್ಟ ಕರಡಿನಲ್ಲಿ ಕಂಪನಿಯನ್ನು ಎಲ್ಲ ಕಡೆ ‘ಪ್ರಧಾನ ಮಾಲೀಕ’ ಅಂತ ಕರೆದಿದ್ದಾರೆ. ಪ್ರಿನ್ಸಿಪಲ್ ಎಂಪ್ಲಾಯರ್ ಅನ್ನೋದಕ್ಕೆ ‘ಪ್ರಧಾನ ನಿಯೋಜಕ’, ‘ಮೂಲ ಮಾಲೀಕ’ ಅನ್ನೋದನ್ನೂ ನೋಡಿದ್ದೇನೆ. ‘ನಿಜವಾದ ಮಾಲೀಕ’ ಅನ್ನೋ ಅರ್ಥ ಇವುಗಳಲ್ಲಿ ಯಾವುದರಲ್ಲಿ ಚೆನ್ನಾಗಿ ಬರುತ್ತೆ?

ದಾವಣಗೆರೆಯಿಂದ

‘ಮೂಲ ಮಾಲೀಕ’ ಅಂತ ಬರೆಯಿರಿ, ಓದಿದ ತಕ್ಷಣ ಅರ್ಥವಾಗುತ್ತೆ. ಮಾಲೀಕ ಯಾರು ಅನ್ನೋದರ ಬಗ್ಗೆ ಅನುಮಾನವೂ ಬೇಡ. ಕೇರಳದ ಹಗ್ಗದ ಕಾರ್ಖಾನೆಯ ಕೇಸಿನಲ್ಲಿ ಸುಪ್ರೀಂ ಕೋರ್ಟ್ 1978ರಲ್ಲೇ ಇದನ್ನು ತೀರ್ಮಾನ ಮಾಡಿದೆ. 29 ಜನಕ್ಕೆ ಕೆಲಸ ಇಲ್ಲ ಅಂದಿದ್ದರು. ಅವರು ಕಂಟ್ರಾಕ್ಟರ್ ಕಡೆಯವರು ಅಂತ ಕಾರ್ಖಾನೆಯವರ ವಾದ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದನ್ನು ಒಪ್ಪಲಿಲ್ಲ. ಯಾರ ವ್ಯಾಪಾರಕ್ಕಾಗಿ ಸರಕು ತಯಾರಾಗುತ್ತೋ, ಕೆಲಸದವರ ಹೊಟ್ಟೆಪಾಡು ಯಾರ ಕೈಲಿದೆಯೋ ಅವರೇ ಮಾಲೀಕರು ಅಂದರು. ನಿಮ್ಮ ಕೇಸಿಗೆ ಇಷ್ಟು ಸಾಕು.

ಕಲಬುರಗಿಯಿಂದ

ಸರ್, ನನ್ನದೂ ಇದೇ ಪ್ರಶ್ನೆ. ನಾನು ಸರ್ಕಾರಿ ಕಚೇರಿಯೊಂದರಲ್ಲಿ ಹೊರಗುತ್ತಿಗೆ ಮೇಲೆ ಡಾಟಾ ಎಂಟ್ರಿ ಮಾಡುತ್ತೇನೆ. ಏಜೆನ್ಸಿಯವರು ಎರಡು ತಿಂಗಳಿಂದ ಸಂಬಳ ಹಾಕಿಲ್ಲ. ಸಾಹೇಬರನ್ನು ಕೇಳಿದರೆ ಏಜೆನ್ಸಿಯನ್ನು ಕೇಳಿ ಅಂತಾರೆ. ಏಜೆನ್ಸಿಯವರನ್ನು ಕೇಳಿದರೆ ಕಚೇರಿಯಿಂದ ಬಿಲ್ ಪಾಸಾಗಿಲ್ಲ ಅಂತಾರೆ. ನಾನು ಯಾರನ್ನು ಮಾಲೀಕ ಅಂತ ಬರೆಯಬೇಕು? ನನ್ನ ಪಿಎಫ್ ಪಾಸ್‌ಬುಕ್‌ನಲ್ಲಿ ಏಜೆನ್ಸಿಯ ಹೆಸರಿದೆ. ಪಿಎಫ್ ಯಾರ ಹೆಸರಲ್ಲಿ ಕಟ್ಟುತ್ತಾರೋ ಅವರೇ ಮಾಲೀಕರು ಅಂತ ನಮ್ಮಲ್ಲಿ ಎಲ್ಲರೂ ಹೇಳ್ತಾರೆ.

ಮೈಸೂರಿನಿಂದ

ಪೀಣ್ಯದವರೇ, ದಯವಿಟ್ಟು ಆ ಕರಡು ಹಾಗೇ ಹೋಗೋದು ಬೇಡ. ನಾನು ಬಹಳ ಕಾಲ ಕಾರ್ಮಿಕ ನ್ಯಾಯಾಲಯದಲ್ಲಿ ವಕೀಲಿಕೆ ಮಾಡಿದವಳು. ಈ ಪದ ಅರ್ಜಿಯನ್ನೇ ಕೆಡಿಸೋದನ್ನು ನೋಡಿದ್ದೇನೆ.

ಪ್ರಿನ್ಸಿಪಲ್ ಎಂಪ್ಲಾಯರ್ ಅಂದರೆ ನಿಜವಾದ ಮಾಲೀಕ ಅಂತ ಅರ್ಥವಲ್ಲ. ಅದು 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಿಂದ ಬಂದ, ಒಂದು ಸ್ಥಾನದ ಹೆಸರು. ಒಬ್ಬ ಗುತ್ತಿಗೆದಾರ ಇದ್ದಾನೆ, ಅವನು ತನ್ನ ಜನರನ್ನು ಇನ್ನೊಬ್ಬರ ಕೆಲಸಕ್ಕೆ ಕಳಿಸಿದ್ದಾನೆ. ಆ ಇನ್ನೊಬ್ಬರಿಗೆ ಇಟ್ಟ ಹೆಸರು ಇದು. ಕಾರ್ಖಾನೆಯಾದರೆ ಅದನ್ನು ನಡೆಸುವವರು, ಕಾರ್ಖಾನೆ ಕಾಯ್ದೆಯಲ್ಲಿ ಮ್ಯಾನೇಜರ್ ಅಂತ ಹೆಸರು ಕೊಟ್ಟಿದ್ದರೆ ಅವರೂ ಸೇರುತ್ತಾರೆ. ಸರ್ಕಾರಿ ಕಚೇರಿಯಾದರೆ ಆ ಕಚೇರಿಯ ಮುಖ್ಯಸ್ಥರು. ಅಂದರೆ ಕಂಪನಿಯನ್ನು ‘ಪ್ರಧಾನ ಮಾಲೀಕ’ ಅಂತ ಕರೆದ ಕ್ಷಣವೇ ನಡುವೆ ಒಬ್ಬ ಗುತ್ತಿಗೆದಾರ ಇದ್ದಾನೆ, ನಾವು ಅವನ ಕೆಲಸದವರು ಅಂತ ಒಪ್ಪಿಕೊಂಡ ಹಾಗಾಯಿತು. ನಿಮ್ಮ 38 ಜನ ಹೇಳಬೇಕಾಗಿರೋದು ಇದಕ್ಕೆ ಪೂರ್ತಿ ಉಲ್ಟಾ. ನಡುವಿನ ಗುತ್ತಿಗೆ ಬರೀ ಕಾಗದದ ಮೇಲಿನದು, ಅದನ್ನು ತೆಗೆದು ನೋಡಿ ಅಂತ ಅವರು ಕೇಳುತ್ತಿದ್ದಾರೆ. ಕಂಪನಿಯ ವಕೀಲರು ಕರಡಿನ ಆ ಸಾಲುಗಳನ್ನೇ ಅಡಿಗೆರೆ ಹಾಕಿ ಓದುತ್ತಾರೆ.

ಕಲಬುರಗಿಯವರೇ, ನಿಮಗೆ ಬೇಕಾಗಿರೋದು ಇದೇ ಪದ. ನಿಮ್ಮ ಬೇಡಿಕೆ ಬಾಕಿ ಸಂಬಳ. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಪ್ರಧಾನ ಮಾಲೀಕರು ಕೊಡಬೇಕು, ಆಮೇಲೆ ಅವನ ಬಿಲ್ಲಿನಲ್ಲಿ ಹಿಡಿದುಕೊಳ್ಳಬೇಕು. ಹಳೆಯ ಕಾಯ್ದೆಯಲ್ಲೂ ಹೀಗೇ ಇತ್ತು, ಹೊಸ ಕಾರ್ಮಿಕ ಸಂಹಿತೆಯಲ್ಲೂ ಉಳಿದಿದೆ. ಕಚೇರಿ ಮುಖ್ಯಸ್ಥರನ್ನು ಅದೇ ಹೆಸರಿನಿಂದ ಕರೆದು ಬರೆಯಿರಿ, ಏಜೆನ್ಸಿಯನ್ನೂ ಸೇರಿಸಿ. ಪಿಎಫ್ ಮಾತು ಅರ್ಧ ಮಾತ್ರ ಸರಿ. ಗುತ್ತಿಗೆದಾರನ ಮೂಲಕ ಸೇರಿದವರಿಗೂ 1952ರ ಪಿಎಫ್ ಕಾಯ್ದೆ ಅನ್ವಯಿಸುತ್ತೆ. ಅವರ ವಂತಿಗೆ ಕಟ್ಟಿಸುವ ಹೊಣೆ ಪ್ರಧಾನ ಮಾಲೀಕರ ಮೇಲೂ ಇದೆ. ಪಾಸ್‌ಬುಕ್‌ನಲ್ಲಿ ಏಜೆನ್ಸಿಯ ಹೆಸರು ಇದ್ದ ಮಾತ್ರಕ್ಕೆ ಅವರೇ ನಿಜವಾದ ಮಾಲೀಕರು ಅಂತ ಆಗಲ್ಲ, ಅಲ್ಲ ಅಂತಲೂ ಆಗಲ್ಲ.

ದಾವಣಗೆರೆಯವರು ಹೇಳಿದ ತೀರ್ಪು ದೊಡ್ಡದು, ನನಗೂ ಇಷ್ಟ. ಆದರೆ ಅದೊಂದನ್ನೇ ನಂಬಿಕೊಂಡು ಹೋಗಬೇಡಿ. 2001ರಲ್ಲಿ ಸ್ಟೀಲ್ ಅಥಾರಿಟಿ ಕೇಸಿನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಎರಡು ಮಾತು ಹೇಳಿತು. ಗುತ್ತಿಗೆ ಪದ್ಧತಿಯನ್ನು ನಿಷೇಧ ಮಾಡಿದರೂ ಕಾರ್ಮಿಕರು ತಾವಾಗೇ ಕಂಪನಿಯವರಾಗಲ್ಲ. ಗುತ್ತಿಗೆಯೇ ನೆಪ ಅಂತ ಸಾಕ್ಷಿಯಿಂದ ಸಾಬೀತಾದರೆ ಆಗುತ್ತಾರೆ. 2006ರಲ್ಲಿ ಅದೇ ಸಂಸ್ಥೆಯ ಇನ್ನೊಂದು ಕೇಸಿನಲ್ಲಿ, ಗುತ್ತಿಗೆ ನೆಪ ಅನ್ನೋದೂ ಗುತ್ತಿಗೆಯನ್ನು ನಿಷೇಧಿಸಿ ಅನ್ನೋದೂ ಒಂದನ್ನೊಂದು ಹೊಡೆದುಹಾಕುವ ಮಾತು ಅಂತ ಬಂತು. ನಿಮ್ಮ ಕರಡಿನಲ್ಲಿ ಎರಡೂ ಇದ್ದರೆ ಒಂದನ್ನು ತೆಗೆಯಿರಿ.

ಸೋಮವಾರಪೇಟೆಯಿಂದ

ನಮ್ಮ ಕಾಫಿ ತೋಟಗಳ ಕಡೆ ಇದಕ್ಕೆ ಒಳ್ಳೆಯ ಮಾತಿದೆ. ಆಳುಗಳನ್ನು ಕರೆದುಕೊಂಡು ಬರೋನು ಮೇಸ್ತ್ರಿ, ಹಾಜರಿ ಬರೆಯೋನು ರೈಟರ್, ತೋಟದವರು ಧಣಿ. ಮೇಸ್ತ್ರಿಯನ್ನು ಯಾರೂ ಮಾಲೀಕ ಅನ್ನಲ್ಲ. ‘ಅಸಲಿ ಧಣಿ’ ಅಂತ ಬರೆದರೆ ಆಗಲ್ವಾ?

ಮೈಸೂರಿನಿಂದ

ಮಾತು ಚೆನ್ನಾಗಿದೆ, ಆದರೆ ಅರ್ಜಿಗೆ ‘ಧಣಿ’ ಒಗ್ಗಲ್ಲ. ನೀವು ಹೇಳಿದ್ದರಲ್ಲಿ ಕೆಲಸಕ್ಕೆ ಬರೋದು ರೈಟರ್. ಅವನು ಯಾರ ಸಂಬಳದವನು, ತೋಟದವರದ್ದಾ ಮೇಸ್ತ್ರಿಯದ್ದಾ? ಕೋರ್ಟ್ ಕೇಳೋದು ಇಂಥ ಪ್ರಶ್ನೆಗಳನ್ನೇ. ಕೆಲಸಕ್ಕೆ ಆರಿಸಿದ್ದು ಯಾರು, ಸಂಬಳ ಕೊಡೋದು ಯಾರು, ತಪ್ಪು ಮಾಡಿದರೆ ನೋಟಿಸ್ ಕೊಡೋದು ಯಾರು, ತೆಗೆದುಹಾಕುವ ಅಧಿಕಾರ ಯಾರದು. ಪೀಣ್ಯದವರು ಇದನ್ನು ಸ್ವಲ್ಪ ವಿವರವಾಗಿ ಬರೆಯಲಿ.

ಪೀಣ್ಯದಿಂದ

ಕೇಳಿಕೊಂಡು ಬಂದೆ ಮೇಡಂ. ಹಾಜರಿಗೆ ಕಾರ್ಖಾನೆಯ ಗೇಟಿನಲ್ಲೇ ಬೆರಳೊತ್ತುವ ಯಂತ್ರ ಇದೆ. ರಜಾ ಚೀಟಿಗೆ ಸಹಿ ಹಾಕೋದು ಕಂಪನಿಯ ಶಿಫ್ಟ್ ಇನ್‌ಚಾರ್ಜ್. ಯಾವ ಮಷೀನ್, ಎಷ್ಟು ಪೀಸ್ ಅಂತ ಹೇಳೋದೂ ಅವರೇ. ಸಂಬಳ ಏಜೆನ್ಸಿಯ ಖಾತೆಯಿಂದ ಬರುತ್ತೆ. ಏಜೆನ್ಸಿಯ ಸೂಪರ್‌ವೈಸರ್ ತಿಂಗಳಿಗೊಮ್ಮೆ ಬಂದು ಸಂಬಳ ಚೀಟಿ ಹಂಚಿ ಹೋಗುತ್ತಾನೆ.

ಇನ್ನೊಂದು ವಿಷಯ ಇದೆ. ಹೋದ ವರ್ಷ ಒಬ್ಬ ಹುಡುಗನಿಗೂ ಇನ್‌ಚಾರ್ಜ್‌ಗೂ ಮಾತಿಗೆ ಮಾತು ಬೆಳೆಯಿತು. ಮಾರನೇ ದಿನ ಬೆಳಗ್ಗೆ ಗೇಟಿನಲ್ಲಿ ಅವನ ಬೆರಳು ತೆಗೆದುಕೊಳ್ಳಲೇ ಇಲ್ಲ. ‘ನಿಮ್ಮ ಸೇವೆ ಬೇಕಾಗಿಲ್ಲ’ ಅಂತ ಏಜೆನ್ಸಿಯಿಂದ ಪತ್ರ ಬಂತು. ಅದರ ತಾರೀಖು ಗೇಟಿನಲ್ಲಿ ತಡೆದ ದಿನಕ್ಕಿಂತ ನಾಲ್ಕು ದಿನ ಆಮೇಲಿನದು.

ಮೈಸೂರಿನಿಂದ

ಆ ನಾಲ್ಕು ದಿನವೇ ನಿಮ್ಮ ಕೈಲಿರೋ ದೊಡ್ಡ ಸಾಕ್ಷಿ.

ಯಾವ ಮಷೀನು, ಎಷ್ಟು ಪೀಸು ಅಂತ ಕಂಪನಿಯವರು ಹೇಳುತ್ತಿದ್ದರು ಅನ್ನೋದು ಮನಸ್ಸಿಗೆ ಬಲವಾಗಿ ಕಂಡರೂ ಕೋರ್ಟಿನಲ್ಲಿ ಅಷ್ಟು ಬಲ ಇಲ್ಲ. 2009ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎರಡನೇ ದರ್ಜೆಯ ಹಿಡಿತ ಅಂತು. ಕಳಿಸಿದ ಜಾಗದಲ್ಲಿ ಏನು ಮಾಡಬೇಕು ಅಂತ ಅಲ್ಲಿನವರು ಹೇಳೋದು ಸಹಜ. ಯಾರನ್ನು ಎಲ್ಲಿಗೆ ಕಳಿಸಬೇಕು ಅನ್ನೋ ಮೊದಲ ಹಿಡಿತ ಗುತ್ತಿಗೆದಾರನ ಕೈಲಿದ್ದರೆ ಅವನೇ ಮಾಲೀಕ. ಸಂಬಳವೂ ಏಜೆನ್ಸಿಯಿಂದ ಬಂದಿದೆ, ಅದು ನಿಮಗೆ ವಿರುದ್ಧ.

ಆದರೆ ಆ ಹುಡುಗನನ್ನು ತೆಗೆದಿದ್ದು ಯಾರು? ಕಂಪನಿ. ಏಜೆನ್ಸಿ ಆಮೇಲೆ ಬಂದು ಅದಕ್ಕೆ ಕಾಗದ ಮಾಡಿತು. ಮೂರು ಏಜೆನ್ಸಿ ಬದಲಾದರೂ ಅದೇ 38 ಜನ ಅಲ್ಲೇ ಉಳಿದಿದ್ದಾರೆ. ಹಾಗಿದ್ದರೆ ಅವರನ್ನು ಬೇರೆ ಕಡೆ ಕಳಿಸುವ ಶಕ್ತಿ ಏಜೆನ್ಸಿಗೆ ನಿಜಕ್ಕೂ ಇತ್ತಾ? ಗೇಟಿನ ಹಾಜರಿ ದಾಖಲೆಯನ್ನು ಕಂಪನಿಯಿಂದ ತರಿಸಿಕೊಡಿ ಅಂತ ಅರ್ಜಿಯಲ್ಲೇ ಕೇಳಿ. ಏಜೆನ್ಸಿ ಕಂಪನಿಗೆ ಕೊಟ್ಟ ಬಿಲ್ಲುಗಳನ್ನೂ ಕೇಳಿ. ಇಷ್ಟು ಕೆಲಸಕ್ಕೆ ಇಷ್ಟು ಅಂತ ಬಿಲ್ ಇದ್ದರೆ ಗುತ್ತಿಗೆ ಅನ್ನೋ ಮಾತಿಗೆ ಅರ್ಥ ಇದೆ. ತಲೆಗೆ ಇಷ್ಟು ಸಂಬಳ, ಇಷ್ಟು ಪಿಎಫ್, ಮೇಲೆ ಸೇವಾ ಶುಲ್ಕ ಅಂತ ಇದ್ದರೆ ಅವರು ಬರೀ ಜನ ಪೂರೈಸಿದ್ದಾರೆ ಅಂತ ತೋರಿಸಬಹುದು. ಇಷ್ಟರಿಂದಲೇ ಗೆಲುವು ಅಂತ ನಾನು ಹೇಳಲ್ಲ. ಎಲ್ಲವನ್ನೂ ಒಟ್ಟಿಗೆ ತೂಗಿ ನೋಡುತ್ತಾರೆ.

ಪದದ ವಿಷಯಕ್ಕೆ ಬಂದರೆ, ಕಂಪನಿಯನ್ನು ‘ಒಂದನೇ ಎದುರುದಾರರು’ ಅಂತ ಕರೆಯಿರಿ. ಏಜೆನ್ಸಿಯನ್ನು ‘ಗುತ್ತಿಗೆದಾರ ಎಂದು ಹೇಳಲಾದ ಎರಡನೇ ಎದುರುದಾರರು’ ಅನ್ನಿ. ‘ಮಾಲೀಕ’ ಅನ್ನೋ ಪದ ಬೇಡಿಕೆಯ ಸಾಲಿನಲ್ಲಿ ಮಾತ್ರ ಬರಲಿ.

ದಾವಣಗೆರೆಯಿಂದ

ಮೇಡಂ, 2001ರ ತೀರ್ಪು ಹಗ್ಗದ ಕಾರ್ಖಾನೆಯ ತೀರ್ಪನ್ನು ರದ್ದು ಮಾಡಲಿಲ್ಲ. ರದ್ದಾಗಿದ್ದು, ಗುತ್ತಿಗೆ ನಿಷೇಧವಾದರೆ ಕಾರ್ಮಿಕರು ತಾವಾಗೇ ಕಂಪನಿಯವರಾಗುತ್ತಾರೆ ಅಂದಿದ್ದ 1996ರ ಏರ್ ಇಂಡಿಯಾ ತೀರ್ಪು. ನೆಪದ ಗುತ್ತಿಗೆಯ ವಿಷಯದಲ್ಲಿ ಅಯ್ಯರ್ ಅವರ ಮಾತು ಈಗಲೂ ನಿಲ್ಲುತ್ತೆ ಅಂತಲೇ ನನ್ನ ಅಭಿಪ್ರಾಯ. ಅದನ್ನು ಅರ್ಜಿಯಲ್ಲಿ ಮೊದಲು ಹಾಕಬೇಕು. ‘ಎದುರುದಾರ’ ಅಂತ ಬರೆದರೆ ಓದುವ ಕಾರ್ಮಿಕನಿಗೆ ಯಾರು ಅಂತ ತಿಳಿಯಲ್ಲ, ‘ಕಂಪನಿ’ ಅಂತಲೇ ಬರೆಯಬಹುದಲ್ಲ?

ಮೈಸೂರಿನಿಂದ

ರದ್ದಾಗಿಲ್ಲ ಅನ್ನೋದು ನಿಜ. ಮೊದಲು ಹಾಕಬೇಕು ಅನ್ನೋದನ್ನು ಮಾತ್ರ ನಾನು ಒಪ್ಪಲ್ಲ, ಸಾಕ್ಷಿ ಮೊದಲು ಬರಲಿ. ‘ಕಂಪನಿ’ ಒಳ್ಳೆಯದು, ಹಾಗೇ ಮಾಡಿ.

ಪೀಣ್ಯದಿಂದ

‘ಕಂಪನಿ’ ಮತ್ತು ‘ಏಜೆನ್ಸಿ’ ಅಂತ ತಿದ್ದಿದ್ದೇನೆ. ಬೇಡಿಕೆಯ ಸಾಲು ಈಗ ಹೀಗಿದೆ: ‘ಏಜೆನ್ಸಿಯೊಂದಿಗಿನ ಗುತ್ತಿಗೆ ಹೆಸರಿಗೆ ಮಾತ್ರ ಇದ್ದು, ನಾವು ಸೇರಿದ ದಿನದಿಂದ ಕಂಪನಿಯೇ ನಮ್ಮ ಮಾಲೀಕರು ಎಂದು ತೀರ್ಮಾನಿಸಬೇಕು.’ ನೆಪದ ಗುತ್ತಿಗೆ ಅನ್ನೋ ಅರ್ಥದ ಇಂಗ್ಲಿಷಿನ ‘ಶಾಮ್ ಕಾಂಟ್ರಾಕ್ಟ್’ ಅನ್ನೋದಕ್ಕೆ ಸಂಘದವರು ‘ನಕಲಿ ಗುತ್ತಿಗೆ’ ಅಂತಿದ್ದರು. ಗುತ್ತಿಗೆಯ ಕಾಗದ ನಕಲಿಯಲ್ಲ, ಸಹಿ ಎಲ್ಲ ಅಸಲಿ. ಅದಕ್ಕೆ ‘ಹೆಸರಿಗೆ ಮಾತ್ರ’ ಅಂತ ಮಾಡಿದೆ. ಇದಕ್ಕಿಂತ ಒಳ್ಳೆಯದು ಇದ್ದರೆ ಹೇಳಿ.

ಇನ್ನೊಂದು ಅನುಮಾನ. 2025ರ ನವೆಂಬರ್ 21ರಿಂದ ಹೊಸ ಸಂಹಿತೆಗಳು ಜಾರಿಯಾಗಿ, ಗುತ್ತಿಗೆ ಕಾರ್ಮಿಕರ ನಿಯಮಗಳಿಗೆ ಮಿತಿ 20ರಿಂದ 50ಕ್ಕೆ ಏರಿದೆಯಂತೆ. ನಮ್ಮವರು 38 ಜನ ಅಷ್ಟೇ.

ಮೈಸೂರಿನಿಂದ

‘ಹೆಸರಿಗೆ ಮಾತ್ರ’ ಸರಿಯಾಗಿದೆ, ಇರಲಿ.

50 ಅನ್ನೋದನ್ನು ಒಂದು ಏಜೆನ್ಸಿಯ ಲೆಕ್ಕದಲ್ಲಿ ನೋಡಬೇಡಿ, ಇಡೀ ಕಾರ್ಖಾನೆಯ ಗುತ್ತಿಗೆಯವರನ್ನು ಎಣಿಸಿ. ಸೆಕ್ಯೂರಿಟಿ, ಕ್ಯಾಂಟೀನ್, ಕಸ ಗುಡಿಸುವವರು, ಲೋಡಿಂಗ್ ಹುಡುಗರು ಎಲ್ಲರೂ ಸೇರುತ್ತಾರೆ. ಹಿಂದಿನ 12 ತಿಂಗಳಲ್ಲಿ ಯಾವುದಾದರೂ ಒಂದು ದಿನ 50 ಜನ ಇದ್ದಿದ್ದರೂ ಸಾಕು. ಗುತ್ತಿಗೆ ಹೆಸರಿಗೆ ಮಾತ್ರ ಅನ್ನೋ ನಿಮ್ಮ ಮುಖ್ಯ ವಾದಕ್ಕೆ ಈ ಸಂಖ್ಯೆಯ ಹಂಗಿಲ್ಲ. ಆದರೂ ಎಣಿಸಿ ಇಟ್ಟುಕೊಳ್ಳಿ. ಕಂಪನಿಯವರು ಮೊದಲ ದಿನವೇ ಕೇಳುವ ಪ್ರಶ್ನೆ ಅದು.